ಪ್ಯಾನಿಕ್ಕೋ, ಹೃದಯವೋ, ಥೈರಾಯ್ಡೋ: ಎಮರ್ಜೆನ್ಸಿಯಲ್ಲಿ ನಾಡಿಯ ನಡೆ ನೋಡಿ ಬೇರೆ ಮಾಡುವುದು ಹೇಗೆ

ಎದೆ ಡವಡವ, ಉಸಿರು ಸಾಲುತ್ತಿಲ್ಲ, ಕೈ ನಡುಕ, ಬೆವರು, ಜೊತೆಗೆ "ನಾನಿನ್ನು ಉಳಿಯಲ್ಲ" ಅನ್ನುವ ಭಯ. ಹೀಗೆ ಹೇಳಿಕೊಂಡು ಬಂದವರಿಗೆ ಪ್ಯಾನಿಕ್ ಅಟ್ಯಾಕ್ ಆಗಿರಬಹುದು, ಹೃದಯದ ಲಯ ತಪ್ಪಿರಬಹುದು, ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾಗಿರಬಹುದು. ಲಕ್ಷಣಗಳ ಪಟ್ಟಿ ಮೂರಕ್ಕೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಹೋದರೆ ಇವು ಬೇರೆಯಾಗುವುದೇ ಇಲ್ಲ.

ಎಮರ್ಜೆನ್ಸಿ ಡ್ಯೂಟಿ ಶುರು ಮಾಡುತ್ತಿರುವ ಹೌಸ್ ಸರ್ಜನ್‌ಗಳಿಗೆ, ನರ್ಸ್‌ಗಳಿಗೆ ಪಾಠ ಮಾಡುವಾಗ ನಾನು ಬೇರೆ ದಾರಿ ಹಿಡಿಯುತ್ತೇನೆ. ಮೂರೇ ಪ್ರಶ್ನೆ. ಬಡಿತ ಹೇಗೆ ಶುರುವಾಯಿತು? ಶುರುವಾದ ಮೇಲೆ ಹೇಗೆ ಇತ್ತು? ಹೇಗೆ ಇಳಿಯಿತು, ಅಥವಾ ಇಳಿಯಲೇ ಇಲ್ಲವಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯುತ್ತದೆ. ಇನ್ನರ್ಧ ಇಸಿಜಿ ಮತ್ತು ರಕ್ತ ಪರೀಕ್ಷೆಯದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

ಪ್ಯಾನಿಕ್ ಅಟ್ಯಾಕ್ ಬೇರೆ, ಪ್ಯಾನಿಕ್ ಡಿಸಾರ್ಡರ್ ಬೇರೆ. ಅಟ್ಯಾಕ್ ಅಂದರೆ ಭಯ ಏಕಾಏಕಿ ಉಕ್ಕಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟುವುದು, ಜೊತೆಗೆ ಮನೋರೋಗ ನಿರ್ಣಯದ ಕೈಪಿಡಿ ಡಿಎಸ್‌ಎಂ-5 ಪಟ್ಟಿ ಮಾಡಿರುವ 13 ಲಕ್ಷಣಗಳಲ್ಲಿ ಕನಿಷ್ಠ 4 ಇರುವುದು. ಡಿಸಾರ್ಡರ್ ಅನ್ನಬೇಕಾದರೆ ಇಂಥ ಅಟ್ಯಾಕ್‌ಗಳು ಕಾರಣವಿಲ್ಲದೆ ಮತ್ತೆ ಮತ್ತೆ ಬಂದಿರಬೇಕು. ಕನಿಷ್ಠ ಒಂದು ತಿಂಗಳು "ಮತ್ತೆ ಬಂದರೆ ಏನು ಗತಿ" ಅನ್ನುವ ಚಿಂತೆಯಾದರೂ ಇರಬೇಕು, ಅದೇ ಭಯಕ್ಕೆ ದಿನಚರಿ ಬದಲಾಯಿಸಿಕೊಂಡಾದರೂ ಇರಬೇಕು. ಇದೆಲ್ಲಾ ಇದ್ದೂ, ಬೇರೆ ಯಾವ ದೇಹದ ಕಾಯಿಲೆಯೂ ಅದಕ್ಕೆ ಕಾರಣ ಆಗಿರಬಾರದು. ಕೊನೆಯ ಈ ಮಾತೇ ನಮ್ಮ ಕೆಲಸ.

ಥೈರಾಯ್ಡ್ ಜಾಸ್ತಿಯಾದವರಿಗೂ ನಿಜವಾದ ಪ್ಯಾನಿಕ್ ಅಟ್ಯಾಕ್ ಬರಬಹುದು. ಹೃದಯ ನಿಮಿಷಕ್ಕೆ 190 ಸಲ ಬಡಿಯುತ್ತಿದ್ದರೆ ಯಾರಿಗೆ ತಾನೇ ಭಯ ಆಗುವುದಿಲ್ಲ? ಅಂದರೆ ಭಯ ಇದೆ ಅನ್ನುವುದನ್ನು ಸಾಬೀತು ಮಾಡಿದರೆ ಹೃದಯ, ಥೈರಾಯ್ಡ್ ಎರಡೂ ಸರಿಯಾಗಿವೆ ಅಂತ ಸಾಬೀತಾಗುವುದಿಲ್ಲ. ಒಂದೇ ಒಂದು ಸಲ ಎಮರ್ಜೆನ್ಸಿಯಲ್ಲಿ ನೋಡಿ "ಪ್ಯಾನಿಕ್ ಡಿಸಾರ್ಡರ್" ಅಂತ ಚೀಟಿಯಲ್ಲಿ ಬರೆಯುವುದೂ ಸರಿಯಲ್ಲ, ಯಾಕೆಂದರೆ ಆ ಹೆಸರು ಮುಂದಿನ ಪ್ರತಿ ವೈದ್ಯರ ಕಣ್ಣಿಗೂ ಮೊದಲು ಬೀಳುತ್ತದೆ.

ಹೆಜ್ಜೆ 1: ಮೊದಲ ಹತ್ತು ನಿಮಿಷ

ಬಂದ 10 ನಿಮಿಷದೊಳಗೆ 12 ಲೀಡ್ ಇಸಿಜಿ ಆಗಬೇಕು. ವಯಸ್ಸು 22 ಇರಲಿ, ಹಿಂದೆ ಹತ್ತು ಸಲ ಆತಂಕ ಅಂತ ಬಂದುಹೋಗಿರಲಿ, ಇಸಿಜಿ ತಪ್ಪಿಸಬಾರದು. ಲಯದ ತೊಂದರೆ ಇದ್ದರೆ ಅದು ಸಿಗುವುದು ಬಡಿತ ಜೋರಾಗಿರುವಾಗ ಮಾತ್ರ. "ಸ್ವಲ್ಪ ಸಮಾಧಾನ ಆಗಲಿ, ಆಮೇಲೆ ತೆಗೆಯೋಣ" ಅಂತ ಬಿಟ್ಟರೆ ಸಾಕ್ಷಿ ಕೈತಪ್ಪಿ ಹೋಗುತ್ತದೆ. ಆಮೇಲೆ ತೆಗೆದ ಇಸಿಜಿ ನಾರ್ಮಲ್ ಬಂದರೆ ಈಗ ಲಯ ಸರಿ ಇದೆ ಅಂತಷ್ಟೇ ಅರ್ಥ. ಅರ್ಧ ಗಂಟೆ ಹಿಂದೆ ಏನಿತ್ತು ಅಂತ ಅದು ಹೇಳುವುದಿಲ್ಲ.

ಜೊತೆಗೇ ಬಿಪಿ, ಜ್ವರ, ಉಸಿರಿನ ಎಣಿಕೆ, ಆಮ್ಲಜನಕದ ಮಟ್ಟ, ಬೆರಳಿನಿಂದ ಸಕ್ಕರೆ. ಸಕ್ಕರೆ ಕಡಿಮೆಯಾದರೂ ನಡುಕ, ಬೆವರು, ಭಯ ಎಲ್ಲವೂ ಬರುತ್ತದೆ, ಅದನ್ನು ನೋಡುವುದಕ್ಕೆ ಒಂದು ನಿಮಿಷ ಸಾಕು. ಆಮ್ಲಜನಕದ ಮೇಲೆ ವಿಶೇಷ ಗಮನ ಇರಲಿ. ಪ್ಯಾನಿಕ್‌ನಲ್ಲಿ ಜನ ಜೋರಾಗಿ ಉಸಿರಾಡುತ್ತಾರೆ, ಹಾಗಾಗಿ ಮಟ್ಟ 98, 99 ಇರುತ್ತದೆ. 92 ಅಂತ ತೋರಿಸುತ್ತಿದ್ದರೆ ಅದನ್ನು ಪ್ಯಾನಿಕ್ ಮೇಲೆ ಹಾಕಬೇಡಿ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ, ಹೃದಯ ಸೋಲುತ್ತಿದೆಯಾ ಅಂತ ಹುಡುಕಿ. ಪೇಪರ್ ಚೀಲದೊಳಗೆ ಉಸಿರಾಡಿಸುವ ಹಳೇ ಪದ್ಧತಿಯನ್ನು ಪೂರ್ತಿ ಬಿಡಬೇಕು. ಅದು ಆಮ್ಲಜನಕವನ್ನು ಇಳಿಸುತ್ತದೆ, ಕಾರಣ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಅಪಾಯ.

ಹೆಜ್ಜೆ 2: ಹೇಗೆ ಶುರುವಾಯಿತು ಅಂತ ಕೇಳಿ, ಮೇಜಿನ ಮೇಲೆ ತಟ್ಟಿಸಿ

"ಎದೆ ಬಡಿತ ಜಾಸ್ತಿ ಆಯ್ತಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ: "ಸ್ವಿಚ್ ಹಾಕಿದ ಹಾಗೆ ಒಮ್ಮೆಲೇ ಶುರುವಾಯ್ತಾ, ಅಥವಾ ನಿಧಾನಕ್ಕೆ ಏರಿತಾ? ಆ ಬಡಿತ ಹೇಗಿತ್ತು, ಈ ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿ."

ತಟ್ಟಿ ತೋರಿಸುವುದು ಸಣ್ಣ ವಿಷಯ ಅನ್ನಿಸಬಹುದು, ಆದರೆ ತುಂಬಾ ಹೇಳುತ್ತದೆ. ಅತಿ ವೇಗವಾಗಿ, ಗಡಿಯಾರದಷ್ಟು ಸಮವಾಗಿ ತಟ್ಟಿದರೆ ಎಸ್‌ವಿಟಿ, ಅಂದರೆ ಹೃದಯದ ಮೇಲಿನ ಭಾಗದಿಂದ ಹುಟ್ಟುವ ವೇಗದ ಲಯ, ನೆನಪಿಗೆ ಬರಬೇಕು. ವೇಗವಾಗಿ, ಆದರೆ ತಾಳವೇ ಇಲ್ಲದ ಹಾಗೆ ತಟ್ಟಿದರೆ ಏಟ್ರಿಯಲ್ ಫಿಬ್ರಿಲೇಶನ್. ಪ್ಯಾನಿಕ್ ಆದವರು ಸಾಮಾನ್ಯವಾಗಿ ಸಮವಾಗಿ, ಗಟ್ಟಿಯಾಗಿ, ಅಷ್ಟೇನೂ ಭಯಂಕರ ವೇಗವಿಲ್ಲದೆ ತಟ್ಟುತ್ತಾರೆ.

ಎಸ್‌ವಿಟಿ ಒಂದೇ ಬಡಿತದಲ್ಲಿ ಶುರುವಾಗಿ ಒಂದೇ ಬಡಿತದಲ್ಲಿ ನಿಲ್ಲುತ್ತದೆ. ಇನ್ನೆರಡು ಸುಳಿವು ಕೇಳಿ ತಿಳಿದುಕೊಳ್ಳಿ: ಕುತ್ತಿಗೆಯಲ್ಲಿ ಬಡಿದ ಹಾಗೆ ಆಯಿತಾ, ಎಲ್ಲಾ ನಿಂತ ಮೇಲೆ ಜಾಸ್ತಿ ಮೂತ್ರ ಹೋಯಿತಾ? ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳು ಒಟ್ಟಿಗೇ ಕುಗ್ಗಿದಾಗ ರಕ್ತ ಕುತ್ತಿಗೆಯ ರಕ್ತನಾಳಕ್ಕೆ ವಾಪಸ್ ತಳ್ಳಲ್ಪಡುತ್ತದೆ, ಅದಕ್ಕೇ ಕುತ್ತಿಗೆ ಬಡಿತ. ಮೇಲಿನ ಕೋಣೆಗಳು ಹಿಗ್ಗಿದಾಗ ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುಗಡೆಯಾಗುತ್ತದೆ, ಅದಕ್ಕೇ ಆಮೇಲೆ ಮೂತ್ರ.

ಇದಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಸ್‌ವಿಟಿ ಖಚಿತವಾದ 107 ಜನರ ಹಿಂದಿನ ಕಥೆ ನೋಡಿದರು. ಅವರಲ್ಲಿ ಮೂರನೇ ಎರಡರಷ್ಟು ಜನ ಪ್ಯಾನಿಕ್ ಡಿಸಾರ್ಡರ್‌ನ ಲಕ್ಷಣ ಪಟ್ಟಿಗೆ ಸರಿಯಾಗಿ ಹೊಂದುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮೊದಲ ತಪಾಸಣೆಯಲ್ಲಿ ಎಸ್‌ವಿಟಿ ಸಿಕ್ಕಿರಲೇ ಇಲ್ಲ. ಪಟ್ಟಿ ಸರಿಯಾಗಿಯೇ ತುಂಬಿತ್ತು, ಆದರೂ ಕಾಯಿಲೆ ಬೇರೆಯಾಗಿತ್ತು.

ಹೆಜ್ಜೆ 3: ಇಸಿಜಿಯಲ್ಲಿ ಏನು ನೋಡಬೇಕು

ಮೊದಲು ವೇಗ. ಪ್ಯಾನಿಕ್‌ನಲ್ಲಿ ಇರುವುದು ಸೈನಸ್ ಟ್ಯಾಕಿಕಾರ್ಡಿಯಾ, ಅಂದರೆ ಲಯ ಸರಿ, ವೇಗ ಮಾತ್ರ ಜಾಸ್ತಿ. ಪ್ರತಿ ಬಡಿತಕ್ಕೂ ಮುಂಚೆ ಪಿ ಅಲೆ ಕಾಣುತ್ತದೆ. ಮಾನಿಟರ್ ನೋಡುತ್ತಾ ನಿಂತರೆ ಅಂಕಿ ಅಲ್ಲಾಡುತ್ತಾ ಇರುತ್ತದೆ: 124, 119, ಮಾತಾಡಿಸಿದರೆ 128, ಸಮಾಧಾನ ಆದರೆ 112. ಎಸ್‌ವಿಟಿ ಹಾಗಲ್ಲ. 184 ಅಂದರೆ ಹತ್ತು ನಿಮಿಷ ಆದರೂ ಹೆಚ್ಚುಕಮ್ಮಿ 184ರಲ್ಲೇ ನಿಂತಿರುತ್ತದೆ. ಎಷ್ಟು ಸಮಾಧಾನ ಹೇಳಿದರೂ ಕದಲುವುದಿಲ್ಲ.

220ರಿಂದ ವಯಸ್ಸು ಕಳೆದರೆ ಸೈನಸ್ ಲಯ ಮುಟ್ಟಬಹುದಾದ ಗರಿಷ್ಠ ವೇಗದ ಅಂದಾಜು ಸಿಗುತ್ತದೆ. 60 ವರ್ಷದವರು ಸುಮ್ನೆ ಮಲಗಿರುವಾಗ 170 ಇದ್ದರೆ ಅದನ್ನು ಭಯ ಅಂತ ಒಪ್ಪಬೇಡಿ. ಇನ್ನೊಂದು ಅಂಕಿ 150. ವೇಗ 150ರ ಆಸುಪಾಸಿನಲ್ಲಿ ಅಲ್ಲಾಡದೆ ನಿಂತಿದ್ದರೆ ಏಟ್ರಿಯಲ್ ಫ್ಲಟರ್ ಇದೆಯಾ ಅಂತ ಹುಡುಕಿ. ಮೇಲೆ 300, ಕೆಳಗೆ ಎರಡಕ್ಕೊಂದರಂತೆ 150. ದೂರದಿಂದ ನೋಡಿದರೆ ಸೈನಸ್ ಥರವೇ ಕಾಣುತ್ತದೆ.

ಬಡಿತ ಈಗಾಗಲೇ ಇಳಿದಿದ್ದರೆ ಉಳಿದ ಕುರುಹು ನೋಡಿ. ಪಿಆರ್ ಅಂತರ 120 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದು, ಕ್ಯೂಆರ್‌ಎಸ್‌ನ ಶುರುವಿನಲ್ಲಿ ಇಳಿಜಾರಿನ ಹಾಗೆ ಡೆಲ್ಟಾ ಅಲೆ ಇದ್ದರೆ, ಹೃದಯದಲ್ಲಿ ಹೆಚ್ಚುವರಿ ವಿದ್ಯುತ್ ದಾರಿ ಇದೆ ಅಂತ ಅರ್ಥ. ಕ್ಯೂಟಿ ಉದ್ದ ಆಗಿದೆಯಾ ಅಂತಲೂ ನೋಡಿ.

ಹೃದಯಾಘಾತದ ವಿಷಯದಲ್ಲಿ ಮಾತ್ರ ನಾಡಿಯ ನಡೆ ನಮಗೆ ಸಹಾಯ ಮಾಡುವುದಿಲ್ಲ. ಹೃದಯಾಘಾತದಲ್ಲಿ ನಾಡಿ 70 ಇರಬಹುದು, 120 ಇರಬಹುದು. ಇಲ್ಲಿ ನಂಬಬೇಕಾದ್ದು ಇಸಿಜಿ ಮತ್ತು ಟ್ರೋಪೋನಿನ್. ನೋವು ಮುಂದುವರಿದಿದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಇಸಿಜಿ ಮತ್ತೆ ತೆಗೆಯಿರಿ. ನೋವು ಶುರುವಾಗಿ ಒಂದು ಗಂಟೆಗೇ ಬಂದವರಲ್ಲಿ ಮೊದಲ ಟ್ರೋಪೋನಿನ್ ನೆಗೆಟಿವ್ ಬಂದರೆ ಅದರಿಂದ ಸಮಾಧಾನ ಪಡುವ ಹಾಗಿಲ್ಲ. ನಿಮ್ಮ ಲ್ಯಾಬಿನ ಪದ್ಧತಿ ಪ್ರಕಾರ ಸ್ವಲ್ಪ ಗಂಟೆ ಬಿಟ್ಟು ಎರಡನೇ ಸಲ ನೋಡಲೇಬೇಕು.

ಇಲ್ಲಿ ಕಲಿಯುವವರು ಪದೇ ಪದೇ ಬೀಳುವ ಗುಂಡಿ ಒಂದಿದೆ. ಲೊರಾಜೆಪಾಮ್ ಕೊಟ್ಟ ಮೇಲೆ ಆರಾಮಾದರು, ಹಾಗಾದರೆ ಪ್ಯಾನಿಕ್ಕೇ ಅನ್ನುವುದು. ನಾಲಿಗೆ ಕೆಳಗೆ ನೈಟ್ರೇಟ್ ಇಟ್ಟ ಮೇಲೆ ನೋವು ಇಳಿಯಿತು, ಹಾಗಾದರೆ ಹೃದಯದ್ದೇ ಅನ್ನುವುದು. ಎರಡೂ ತಪ್ಪು. ಆತಂಕದ ಮಾತ್ರೆ ಹೃದಯಾಘಾತ ಆದವರನ್ನೂ ಶಾಂತ ಮಾಡುತ್ತದೆ, ನೈಟ್ರೇಟ್ ಅನ್ನನಾಳದ ಸೆಳೆತದ ನೋವನ್ನೂ ಇಳಿಸುತ್ತದೆ. ಪ್ರೊಪ್ರನೊಲಾಲ್ ಅಂತೂ ಪ್ಯಾನಿಕ್‌ನ ನಡುಕವನ್ನೂ ಥೈರಾಯ್ಡ್‌ನ ನಡುಕವನ್ನೂ ಒಟ್ಟಿಗೇ ಇಳಿಸುತ್ತದೆ. ಔಷಧಿಗೆ ಸಿಕ್ಕ ಉತ್ತರವನ್ನು ರೋಗ ನಿರ್ಣಯ ಅಂತ ತಿಳಿಯಬಾರದು.

ಹೆಜ್ಜೆ 4: ಕಾದು ನೋಡಿ, ಮತ್ತೆ ಎಣಿಸಿ

ಇಡೀ ಪಾಠದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಭಯ ಇಳಿದ ಮೇಲೆ, ಉಸಿರಾಟ ನಿಮಿಷಕ್ಕೆ 16ಕ್ಕೆ ಬಂದ ಮೇಲೆ, ಬೆರಳುಗಳ ಜುಮುಜುಮು ಹೋದ ಮೇಲೆ ನಾಡಿಯನ್ನು ಮತ್ತೆ ಎಣಿಸಿ. ಸಾಧ್ಯವಾದರೆ ನಿದ್ದೆ ಹತ್ತಿದಾಗಲೂ ಒಂದು ಸಲ ನೋಡಿ.

ಪ್ಯಾನಿಕ್ ಆಗಿದ್ದರೆ ಭಯದ ಜೊತೆಯಲ್ಲೇ ನಾಡಿಯೂ ಇಳಿಯುತ್ತದೆ. ಥೈರಾಯ್ಡ್ ಜಾಸ್ತಿಯಾಗಿದ್ದರೆ ಭಯ ಹೋದರೂ ನಾಡಿ ಉಳಿಯುತ್ತದೆ. ಹಾರ್ಮೋನ್ ನೇರವಾಗಿ ಹೃದಯದ ವೇಗವನ್ನೇ ಏರಿಸಿರುವುದರಿಂದ ಮನಸ್ಸು ಮಲಗಿದರೂ ಅದು ಮಲಗುವುದಿಲ್ಲ. ನಿದ್ದೆಯಲ್ಲೂ 100 ದಾಟಿದ ನಾಡಿಯನ್ನು ಆತಂಕ ಅಂತ ಕರೆಯಲು ಆಗುವುದಿಲ್ಲ. ಹಾಗಂತ ಅದು ಥೈರಾಯ್ಡೇ ಆಗಬೇಕಿಲ್ಲ. ರಕ್ತ ಕಡಿಮೆಯಿರಬಹುದು, ಸೋಂಕಿರಬಹುದು, ಶ್ವಾಸಕೋಶದಲ್ಲಿ ಹೆಪ್ಪು ಇರಬಹುದು. ಆದರೆ ಏನೋ ಇದೆ, ಮನೆಗೆ ಕಳಿಸುವ ಮೊದಲು ಅದನ್ನು ಹುಡುಕಬೇಕು.

ಹೆಜ್ಜೆ 5: ಕೈ ಹಿಡಿದು ನೋಡಿ

ರೋಗಿಯ ಅಂಗೈ ಹಿಡಿಯಿರಿ. ಪ್ಯಾನಿಕ್‌ನಲ್ಲಿ ಕೈ ಸಾಮಾನ್ಯವಾಗಿ ತಣ್ಣಗೆ, ಒದ್ದೆಯಾಗಿರುತ್ತದೆ, ಅಡ್ರಿನಲಿನ್ ಚರ್ಮದ ರಕ್ತನಾಳಗಳನ್ನು ಬಿಗಿ ಮಾಡಿರುತ್ತದೆ. ಥೈರಾಯ್ಡ್‌ನಲ್ಲಿ ಕೈ ಬೆಚ್ಚಗೆ, ಒದ್ದೆ, ಯಾಕೆಂದರೆ ದೇಹ ಬಿಸಿ ಹೊರಹಾಕಲು ಆ ರಕ್ತನಾಳಗಳನ್ನು ತೆರೆದಿಟ್ಟಿರುತ್ತದೆ. ಅದೇ ಕಾರಣಕ್ಕೆ ಬಿಪಿಯ ಎರಡು ಅಂಕಿಗಳ ನಡುವಿನ ಅಂತರವೂ ಹೆಚ್ಚುತ್ತದೆ. ಕೈ ಚಾಚಿಸಿ ಬೆರಳ ಮೇಲೆ ಒಂದು ಹಾಳೆ ಇಡಿ, ಸಣ್ಣ ನಡುಕ ಚೆನ್ನಾಗಿ ಕಾಣುತ್ತದೆ. ನಿಮ್ಮ ಬೆರಳನ್ನು ಮೇಲಿನಿಂದ ಕೆಳಕ್ಕೆ ನಿಧಾನಕ್ಕೆ ತಂದು ಕಣ್ಣು ಹಿಂಬಾಲಿಸಲು ಹೇಳಿ. ರೆಪ್ಪೆ ಕಣ್ಣುಗುಡ್ಡೆಗಿಂತ ಹಿಂದೆ ಬಿದ್ದು ಮೇಲೆ ಬಿಳಿ ಕಂಡರೆ ಅದು ಸುಳಿವು. ಕುತ್ತಿಗೆ ಮುಟ್ಟಿ ನೋಡಿ. ಕೈ ಊರದೆ ಕುರ್ಚಿಯಿಂದ ಏಳಲು ಹೇಳಿ, ತೊಡೆಯ ಬಲ ಕುಗ್ಗಿದ್ದರೆ ಕಷ್ಟಪಡುತ್ತಾರೆ.

ಆಮೇಲೆ ಎರಡು ಪ್ರಶ್ನೆ: ತೂಕ ಇಳಿದಿದೆಯಾ, ಹಸಿವು ಹೇಗಿದೆ? ಆತಂಕದಲ್ಲಿ ತೂಕ ಇಳಿದರೆ ಸಾಮಾನ್ಯವಾಗಿ ಊಟವೂ ಸೇರುತ್ತಿರುವುದಿಲ್ಲ. ಚೆನ್ನಾಗಿ ತಿನ್ನುತ್ತಲೇ ತೂಕ ಇಳಿಯುತ್ತಿದ್ದರೆ ಟಿಎಸ್‌ಎಚ್ ಕಳಿಸಿ. ವಯಸ್ಸಾದವರಲ್ಲಿ ಮಾತ್ರ ಇದ್ಯಾವುದೂ ಕಾಣದೆ, ಬರೀ ಸುಸ್ತು ಮತ್ತು ಏಟ್ರಿಯಲ್ ಫಿಬ್ರಿಲೇಶನ್ ಆಗಿ ಬರಬಹುದು.

ಒಂದು ಕೇಸ್, ಮೊದಲಿಂದ ಕೊನೆವರೆಗೆ

ಇದು ಪಾಠಕ್ಕೆಂದು ಕಟ್ಟಿದ ಕೇಸ್. ತಂಡಕ್ಕೆ ತುಂಡು ತುಂಡಾಗಿ ಕೊಡಿ, ಪ್ರತಿ ತುಂಡಿಗೂ ನಿಲ್ಲಿಸಿ "ಈಗ ನಿಮ್ಮ ಮೊದಲ ಅನುಮಾನ ಏನು, ಮುಂದೆ ಏನು ನೋಡ್ತೀರಿ" ಅಂತ ಬರೆಸಿ. ಬಾಯಲ್ಲಿ ಹೇಳಿಸಿದರೆ ಜೋರು ದನಿಯವರ ಉತ್ತರವೇ ಎಲ್ಲರದ್ದೂ ಆಗಿಬಿಡುತ್ತದೆ.

31 ವರ್ಷದ ಮಹಿಳೆ, ಹೆರಿಗೆಯಾಗಿ ನಾಲ್ಕು ತಿಂಗಳು. ರಾತ್ರಿ ಒಂದೂವರೆಗೆ ಬರುತ್ತಾರೆ. ಎದೆ ಬಡಿತ, ಉಸಿರು ಕಟ್ಟಿದ ಹಾಗೆ, ಬೆರಳು ಮತ್ತು ತುಟಿ ಸುತ್ತ ಜುಮುಜುಮು, ಸಾಯುತ್ತೇನೆ ಅನ್ನುವ ಭಯ. ಆರು ವಾರದಲ್ಲಿ ಇದು ಮೂರನೇ ಸಲ. ಹಿಂದಿನ ಎರಡೂ ಚೀಟಿಯಲ್ಲಿ "ಪ್ಯಾನಿಕ್" ಅಂತಿದೆ. ಮಗು ರಾತ್ರಿಯೆಲ್ಲಾ ಎಬ್ಬಿಸುತ್ತದೆ, ನಿದ್ದೆ ಇಲ್ಲ. ಇಲ್ಲಿಗೆ ನಿಲ್ಲಿಸಿ. ಹೆಚ್ಚಿನವರು ಪ್ಯಾನಿಕ್ ಅಂತಲೇ ಬರೆಯುತ್ತಾರೆ, ಬರೆಯಲಿ, ತಿದ್ದಬೇಡಿ.

ಎರಡನೇ ತುಂಡು. ನಾಡಿ 122, ಬಿಪಿ 148/62, ಉಸಿರು 28, ಆಮ್ಲಜನಕ 99, ಜ್ವರವಿಲ್ಲ, ಸಕ್ಕರೆ ಸರಿ. ಇಸಿಜಿಯಲ್ಲಿ ಸೈನಸ್ ಟ್ಯಾಕಿಕಾರ್ಡಿಯಾ, ಡೆಲ್ಟಾ ಅಲೆ ಇಲ್ಲ, ಎಸ್‌ಟಿ ಬದಲಾವಣೆ ಇಲ್ಲ. ಮೊದಲ ಟ್ರೋಪೋನಿನ್ ನೆಗೆಟಿವ್, ಮೂರು ಗಂಟೆ ಬಿಟ್ಟು ಎರಡನೆಯದೂ ನೆಗೆಟಿವ್. ಹೆರಿಗೆ ನಂತರದ ದಿನಗಳು ಅಂದಮೇಲೆ ಶ್ವಾಸಕೋಶದ ಹೆಪ್ಪನ್ನೂ ಯೋಚಿಸಬೇಕು. ಕಾಲಲ್ಲಿ ಊತವಿಲ್ಲ, ಅಪಾಯದ ಅಂಕ ಕಡಿಮೆ, ಡಿ-ಡೈಮರ್ ನೆಗೆಟಿವ್. ಬಡಿತ ಹೇಗೆ ಶುರುವಾಯಿತು ಅಂತ ಕೇಳಿದರೆ "ಸಂಜೆಯಿಂದಲೇ ಇತ್ತು, ರಾತ್ರಿ ಜಾಸ್ತಿ ಆಯ್ತು" ಅನ್ನುತ್ತಾರೆ. ಸ್ವಿಚ್ ಹಾಕಿದ ಥರ ಅಲ್ಲ. ಹೃದಯದ ಅನುಮಾನ ಕೆಳಗೆ ಹೋಯಿತು, ಪ್ಯಾನಿಕ್ ಇನ್ನೂ ಗಟ್ಟಿಯಾಯಿತು ಅನ್ನಿಸುತ್ತದೆ. ಬಿಪಿ ಅಂಕಿಗಳ ಅಂತರ 86 ಇದೆ ಅಂತ ಯಾರಾದರೂ ಗಮನಿಸಿದರಾ ಕೇಳಿ.

ಮೂರನೇ ತುಂಡು. ನಲವತ್ತು ನಿಮಿಷ ಆದ ಮೇಲೆ ಉಸಿರು 16, ಜುಮುಜುಮು ಇಲ್ಲ, "ಈಗ ಭಯ ಇಲ್ಲ ಡಾಕ್ಟ್ರೇ, ಮನೆಗೆ ಹೋಗ್ತೀನಿ" ಅನ್ನುತ್ತಾರೆ. ನಾಡಿ 108. ಟ್ರೋಪೋನಿನ್‌ಗೆ ಕಾಯುತ್ತಾ ನಿದ್ದೆ ಹೋದಾಗ 104. ಹಳೇ ಚೀಟಿಗಳನ್ನು ತೆಗೆದು ನೋಡಿದರೆ ಡಿಸ್ಚಾರ್ಜ್ ವೇಳೆ ನಾಡಿ ಒಮ್ಮೆ 106, ಇನ್ನೊಮ್ಮೆ 110. ಎರಡು ಸಲವೂ ಬರೆದಿಟ್ಟಿದ್ದಾರೆ, ಯಾರೂ ಓದಿಲ್ಲ. ಅಂಗೈ ಬೆಚ್ಚಗೆ, ಒದ್ದೆ. ಹಾಳೆ ನಡುಗುತ್ತದೆ. ರೆಪ್ಪೆ ಹಿಂದೆ ಬೀಳುತ್ತದೆ. ಕುತ್ತಿಗೆ ಸ್ವಲ್ಪ ದಪ್ಪ, ನೋವಿಲ್ಲ. ಎರಡು ತಿಂಗಳಲ್ಲಿ 6 ಕೆಜಿ ಇಳಿದಿದ್ದಾರೆ, ಹಸಿವು ಜಾಸ್ತಿ, ಹಾಲುಣಿಸುವುದರಿಂದ ಇರಬೇಕು ಅಂದುಕೊಂಡಿದ್ದಾರೆ.

ಟಿಎಸ್‌ಎಚ್ 0.01ಕ್ಕಿಂತ ಕಡಿಮೆ, ಫ್ರೀ ಟಿ4 ಜಾಸ್ತಿ. ಇಲ್ಲಿಗೆ ಮುಗಿಯಿತು ಅಂತ ತಂಡ ಎದ್ದು ಹೋಗಬಾರದು, ಇನ್ನೊಂದು ಪ್ರಶ್ನೆ ಉಳಿದಿದೆ. ಗ್ರಂಥಿ ಹಾರ್ಮೋನನ್ನು ಜಾಸ್ತಿ ತಯಾರಿಸುತ್ತಿದೆಯಾ, ಅಥವಾ ಉರಿಯೂತದಿಂದ ಇದ್ದದ್ದು ಸೋರುತ್ತಿದೆಯಾ? ಮೊದಲನೆಯದು ಗ್ರೇವ್ಸ್ ಕಾಯಿಲೆ, ಎರಡನೆಯದು ಹೆರಿಗೆ ನಂತರದ ಥೈರಾಯ್ಡಿಟಿಸ್. ಹೆರಿಗೆಯಾಗಿ ಒಂದು ವರ್ಷದೊಳಗೆ ಎರಡೂ ಬರಬಹುದು. ಸೋರಿಕೆಯಾಗಿದ್ದರೆ ತಯಾರಿಕೆ ನಿಲ್ಲಿಸುವ ಮಾತ್ರೆ ಕೊಟ್ಟು ಪ್ರಯೋಜನವಿಲ್ಲ. ಹಾಲುಣಿಸುತ್ತಿರುವ ತಾಯಿಗೆ ರೇಡಿಯೋ ಅಯೋಡಿನ್ ಸ್ಕ್ಯಾನ್ ಬೇಡ, ಟಿಎಸ್‌ಎಚ್ ರಿಸೆಪ್ಟರ್ ಆ್ಯಂಟಿಬಾಡಿ ಪರೀಕ್ಷೆ ಮಾಡಿಸುತ್ತಾರೆ. ಈ ಕೇಸಿನಲ್ಲಿ ಅದು ನೆಗೆಟಿವ್, ಅಂದರೆ ಥೈರಾಯ್ಡಿಟಿಸ್. ಆಸ್ತಮಾ ಇಲ್ಲ, ಹಾಗಾಗಿ ನಡುಕ ಮತ್ತು ಬಡಿತಕ್ಕೆ ಪ್ರೊಪ್ರನೊಲಾಲ್, ಹಾಲುಣಿಸುವುದನ್ನು ನಿಲ್ಲಿಸಬೇಕಿಲ್ಲ. 4ರಿಂದ 8 ವಾರಕ್ಕೊಮ್ಮೆ ಟಿಎಸ್‌ಎಚ್ ನೋಡುತ್ತಾ ಹೋಗಬೇಕು, ಏಕೆಂದರೆ ಸೋರಿಕೆ ಮುಗಿದ ಮೇಲೆ ಹಲವರಲ್ಲಿ ಹಾರ್ಮೋನ್ ಕಡಿಮೆಯಾಗುವ ಹಂತ ಬರುತ್ತದೆ. ಆಗ ಬರುವ ಸುಸ್ತು, ಬೇಸರವನ್ನು ಬರೀ ಖಿನ್ನತೆ ಅಂದುಕೊಳ್ಳುವ ಸಾಧ್ಯತೆ ಇದೆ.

ಆ ರಾತ್ರಿಯ ಜುಮುಜುಮು ಸುಳ್ಳಾಗಿರಲಿಲ್ಲ. ಬಡಿತಕ್ಕೆ ಹೆದರಿ ಜೋರಾಗಿ ಉಸಿರಾಡಿದ್ದರಿಂದ ಅದು ಬಂತು. ಪ್ಯಾನಿಕ್ ಅಟ್ಯಾಕ್ ಆಗಿತ್ತು, ಪ್ಯಾನಿಕ್ ಡಿಸಾರ್ಡರ್ ಇರಲಿಲ್ಲ.

ಥೈರಾಯ್ಡ್ ರಿಪೋರ್ಟ್ ಎಲ್ಲಿ ದಾರಿ ತಪ್ಪಿಸುತ್ತದೆ

ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ತುಂಬಾ ಜನ ಇದ್ದಾರೆ. ದೊಡ್ಡ ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ, ಟಿ4 ಅನ್ನು ಸುಳ್ಳಾಗಿ ಜಾಸ್ತಿ ತೋರಿಸುತ್ತದೆ. ಥೇಟ್ ಗ್ರೇವ್ಸ್ ಥರ ಕಾಣುತ್ತದೆ. ಕೆಲವು ಟ್ರೋಪೋನಿನ್ ಪರೀಕ್ಷೆಗಳಲ್ಲಿ ಅದು ಅಂಕಿಯನ್ನು ಸುಳ್ಳಾಗಿ ಇಳಿಸುತ್ತದೆ, ಅದು ಇನ್ನೂ ಅಪಾಯ. ಆದ್ದರಿಂದ ರಕ್ತ ತೆಗೆಯುವ ಮೊದಲು ಕೇಳಿ.

ಟಿಎಸ್‌ಎಚ್ ತುಂಬಾ ಕಡಿಮೆ, ಟಿ4 ನಾರ್ಮಲ್ ಅಂತ ಬಂದರೆ ಟಿ3 ನೋಡಿ, ಅದೊಂದೇ ಜಾಸ್ತಿ ಇರಬಹುದು. ಬೇರೆ ಗಂಭೀರ ಕಾಯಿಲೆಯಲ್ಲಿ ಮಲಗಿರುವವರಲ್ಲಿ ಟಿಎಸ್‌ಎಚ್ ಸ್ವಲ್ಪ ಕಡಿಮೆ ಬರುವುದೂ ಉಂಟು, ಅದಕ್ಕೆ ತಕ್ಷಣ ಹೆಸರು ಕೊಡಬೇಡಿ. ಆದರೆ ಜೋರು ಜ್ವರ, ಗೊಂದಲದ ಮಾತು, ವಾಂತಿ ಭೇದಿ, ಜೊತೆಗೆ ವೇಗದ ನಾಡಿ ಇದ್ದರೆ ಥೈರಾಯ್ಡ್ ಸ್ಟಾರ್ಮ್ ಇರಬಹುದು, ರಿಪೋರ್ಟಿಗೆ ಕಾಯದೆ ಹಿರಿಯರನ್ನು ಕರೆಯಿರಿ, ಚಿಕಿತ್ಸೆ ಶುರುವಾಗಲಿ.

ಎಲ್ಲಾ ನಾರ್ಮಲ್ ಬಂದ ಮೇಲೆ

ಎರಡು ಟ್ರೋಪೋನಿನ್ ನೆಗೆಟಿವ್, ಇಸಿಜಿ ಸರಿ, ಭಯದ ಜೊತೆ ನಾಡಿ 76ಕ್ಕೆ ಇಳಿದಿದೆ, ಕೈ ತಣ್ಣಗಿದೆ, ತೂಕ ಸ್ಥಿರ. ಇಂಥವರಿಗೆ "ನಿಮಗೇನೂ ಆಗಿಲ್ಲ" ಅನ್ನಬೇಡಿ. ಅವರಿಗೆ ಆಗಿದೆ, ಅದಕ್ಕೇ ಬಂದಿದ್ದಾರೆ. "ಇವತ್ತು ಹೃದಯಾಘಾತದ ಸುಳಿವು ಇಲ್ಲ. ಪ್ಯಾನಿಕ್ ಅಟ್ಯಾಕ್ ಥರ ಕಾಣುತ್ತಿದೆ. ಇದಕ್ಕೆ ಚಿಕಿತ್ಸೆ ಇದೆ, ಇದೇ ವಾರ ಇವರನ್ನು ನೋಡಿ" ಅಂತ ಹೇಳಿ, ಎಲ್ಲಿಗೆ ಹೋಗಬೇಕು ಅನ್ನುವುದನ್ನು ಬರೆದುಕೊಡಿ.

ಬಡಿತ ಸ್ವಿಚ್ ಹಾಕಿದ ಹಾಗೆ ಬರುತ್ತದೆ ಅಂತ ಹೇಳಿದ್ದು ನಿಜವಾಗಿದ್ದರೆ ಇವತ್ತಿನ ಇಸಿಜಿ ನಾರ್ಮಲ್ ಇದ್ದರೂ ಬಿಡಬೇಡಿ. ದಿನಾ ಬರುತ್ತಿದ್ದರೆ 24ರಿಂದ 48 ಗಂಟೆಯ ಹೋಲ್ಟರ್ ಸಾಕು. ತಿಂಗಳಿಗೊಮ್ಮೆ ಬರುವುದನ್ನು ಹಿಡಿಯಲು ಅದು ಸಾಲದು, ವಾರಗಟ್ಟಲೆ ದಾಖಲಿಸುವ ರೆಕಾರ್ಡರ್ ಬೇಕಾಗುತ್ತದೆ. ಮುಂದಿನ ಸಲ ಬಡಿತ ನಡೆಯುತ್ತಿರುವಾಗಲೇ ಹತ್ತಿರದಲ್ಲಿ ಎಲ್ಲಾದರೂ ಇಸಿಜಿ ತೆಗೆಸಿಕೊಳ್ಳಲು ಹೇಳಿ. ಎಚ್ಚರ ತಪ್ಪಿ ಬಿದ್ದಿದ್ದರೆ, ಓಡುವಾಗ ಬಡಿತ ಬಂದು ತಲೆ ತಿರುಗಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹಠಾತ್ತಾಗಿ ತೀರಿಕೊಂಡಿದ್ದರೆ ಮನೆಗೆ ಕಳಿಸುವ ಮೊದಲು ಹೃದಯ ತಜ್ಞರ ಜೊತೆ ಮಾತಾಡಿ.

ಚೀಟಿಯಲ್ಲಿ "ಪ್ಯಾನಿಕ್" ಅಂತ ಒಂದೇ ಪದ ಬರೆಯುವ ಬದಲು ಹೀಗೆ ಬರೆಯಿರಿ: ಬಂದಾಗ ನಾಡಿ ಇಷ್ಟು, ಭಯ ಇಳಿದ ಮೇಲೆ ಇಷ್ಟು, ಬಡಿತದ ವೇಳೆ ಇಸಿಜಿ ಸಿಕ್ಕಿದೆ ಅಥವಾ ಸಿಕ್ಕಿಲ್ಲ, ಟ್ರೋಪೋನಿನ್ ಎಷ್ಟು ಹೊತ್ತಿಗೆ, ಟಿಎಸ್‌ಎಚ್ ಕಳಿಸಿದೆ ಅಥವಾ ಕಳಿಸಿಲ್ಲ. ರಾತ್ರಿ ಪಾಳಿಯಲ್ಲಿ ಕಳಿಸಿದ ಟಿಎಸ್‌ಎಚ್ ವರದಿ ಬರುವಷ್ಟರಲ್ಲಿ ರೋಗಿ ಮನೆಯಲ್ಲಿರುತ್ತಾರೆ, ಹಾಗಾಗಿ ಅದನ್ನು ಯಾರು ನೋಡುತ್ತಾರೆ, ಯಾರು ಫೋನ್ ಮಾಡುತ್ತಾರೆ ಅನ್ನುವ ಹೆಸರೂ ಅದೇ ಚೀಟಿಯಲ್ಲಿ ಇರಬೇಕು.